ಇಲ್ಲದ ನೈಟ್ರೇಟಿಗೆ ಕಂದು ಉಂಗುರ: ನಾಲ್ಕು ಪರೀಕ್ಷೆಗಳೂ ಧನಾತ್ಮಕವಾಗಿ ಬಂದಿವೆ, ತಪ್ಪು ಎಲ್ಲಿದೆ?

ಗದಗದ ವಿದ್ಯಾರ್ಥಿನಿ, ಬಿ.ಎಸ್ಸಿ.

ಕಾಲೇಜಿನ ಗುಣಾತ್ಮಕ ವಿಶ್ಲೇಷಣೆಯ ಅಭ್ಯಾಸದಲ್ಲಿ ನನಗೆ ಕೊಟ್ಟಿದ್ದ ಬಿಳಿ ಪುಡಿಯಲ್ಲಿ ಎರಡೇ ಋಣ ಅಯಾನುಗಳಿವೆ ಎಂದು ಮೊದಲೇ ಹೇಳಿದ್ದರು. ನಾನು ಕಾರ್ಬೊನೇಟ್, ಸಲ್ಫೇಟ್, ಕ್ಲೋರೈಡ್, ನೈಟ್ರೇಟ್ ನಾಲ್ಕೂ ಇವೆ ಎಂದು ಬರೆದು ಕೊಟ್ಟೆ. ಉತ್ತರ ತಪ್ಪಾಯಿತು.

ಮಾಡಿದ್ದನ್ನು ಕ್ರಮವಾಗಿ ಹೇಳುತ್ತೇನೆ. ಪುಡಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದಾಗ ಗುಳ್ಳೆಗಳು ಬಿರುಸಾಗಿ ಎದ್ದವು, ಅನಿಲವು ಸುಣ್ಣದ ತಿಳಿನೀರನ್ನು ಹಾಲಿನಂತೆ ಮಾಡಿತು. ಬೇರೊಂದು ನಳಿಕೆಯಲ್ಲಿ ಪುಡಿಗೆ ಪ್ರಬಲ ಸಲ್ಫ್ಯೂರಿಕ್ ಆಮ್ಲ ಹಾಕಿ ಕಾಯಿಸಿದಾಗ ಬಣ್ಣವಿಲ್ಲದ ಕಟುವಾಸನೆಯ ಅನಿಲ ಬಂತು. ಅಮೋನಿಯಾದಲ್ಲಿ ಅದ್ದಿದ ಗಾಜಿನ ಕಡ್ಡಿಯನ್ನು ಹಿಡಿದರೆ ದಟ್ಟ ಬಿಳಿ ಹೊಗೆ ಕಂಡಿತು. ತಾಮ್ರದ ಚೂರು ಹಾಕಿದರೂ ಕಂದು ಹೊಗೆ ಬರಲಿಲ್ಲ.

ಆಮೇಲೆ ಪುಡಿಯ ಸುಮಾರು ಮೂರು ಪಟ್ಟು ಸೋಡಿಯಂ ಕಾರ್ಬೊನೇಟ್ ಬೆರೆಸಿ, 15 ಮಿ.ಲೀ. ನೀರಿನಲ್ಲಿ 10 ನಿಮಿಷ ಕುದಿಸಿ ಸೋಸಿದೆ. ಅಂದು ಡಿಸ್ಟಿಲ್ಡ್ ವಾಟರ್ ಮುಗಿದಿದ್ದರಿಂದ ನಲ್ಲಿಯ ನೀರನ್ನೇ ಬಳಸಿದೆ, ಅದು ಬೋರ್‌ವೆಲ್‌ನದು. ಸೋಸಿದ ದ್ರಾವಣವಿಡೀ ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯಗೊಳಿಸಿದೆ. ಗುಳ್ಳೆ ಬೇಗ ನಿಲ್ಲದ ಕಾರಣ ಕೊನೆಯಲ್ಲಿ ಪ್ರಬಲ ಆಮ್ಲವನ್ನೇ ಹನಿಸಿದೆ. ಅದನ್ನು ಮೂರು ಪಾಲು ಮಾಡಿದಾಗ ಸಿಲ್ವರ್ ನೈಟ್ರೇಟಿಗೆ ಮೊಸರಿನಂಥ ಬಿಳಿ ಒತ್ತರ, ಬೇರಿಯಂ ಕ್ಲೋರೈಡಿಗೆ ಸಣ್ಣ ಬಿಳಿ ಮಸುಕು, ಮೂರನೆಯದಕ್ಕೆ ಫೆರಸ್ ಸಲ್ಫೇಟ್ ಬೆರೆಸಿ ಪ್ರಬಲ ಸಲ್ಫ್ಯೂರಿಕ್ ಆಮ್ಲ ಇಳಿಸಿದಾಗ ಕಂದು ಉಂಗುರ ಬಂದವು. ಯಾವುದನ್ನು ನಂಬಬೇಕು?

ಹುಬ್ಬಳ್ಳಿಯ ಸಹಪಾಠಿ

ಫೆರಸ್ ಸಲ್ಫೇಟ್ ದ್ರಾವಣ ಹಳೆಯದಾಗಿರಬೇಕು. ನಮ್ಮಲ್ಲಿಯೂ ಹಳದಿಗಟ್ಟಿದ ದ್ರಾವಣದಿಂದ ನೈಟ್ರೇಟ್ ಪರೀಕ್ಷೆ ಕೆಟ್ಟಿತ್ತು, ಆದ್ದರಿಂದ ಆಗಷ್ಟೇ ತಯಾರಿಸಿದ್ದನ್ನೇ ಬಳಸಬೇಕು. ಇನ್ನೊಂದು ಮಾತು: ಕಾರ್ಬೊನೇಟ್ ಪರೀಕ್ಷೆಯನ್ನೂ ಸೋಸಿದ ದ್ರಾವಣದಲ್ಲಿಯೇ ಮಾಡಿದರೆ ನಾಲ್ಕನ್ನೂ ಒಂದೇ ದ್ರಾವಣದಲ್ಲಿ ಮುಗಿಸಬಹುದಲ್ಲವೆ?

ಧಾರವಾಡದ ನಿವೃತ್ತ ಉಪನ್ಯಾಸಕ

ಎರಡನೆಯ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಸೋಸಿದ ದ್ರಾವಣದಲ್ಲಿ ನಾವೇ ಹಾಕಿದ ಸೋಡಿಯಂ ಕಾರ್ಬೊನೇಟ್ ತುಂಬಿರುವಾಗ ಯಾವ ಪುಡಿ ಕೊಟ್ಟರೂ ಕಾರ್ಬೊನೇಟ್ ಸಿಗುತ್ತದೆ. ಅದನ್ನು ಮೂಲ ಪುಡಿಯಲ್ಲಿಯೇ ನೋಡಬೇಕು. ಫೆರಸ್ ಸಲ್ಫೇಟಿನ ಮಾತು ಅರ್ಧ ಸರಿ. ಗಾಳಿಗೆ ಫೆರಿಕ್ ಆಗಿ ಕೆಟ್ಟ ದ್ರಾವಣದಿಂದ ಬರಬೇಕಾದ ಉಂಗುರ ತಪ್ಪಬಹುದೇ ಹೊರತು, ಇಲ್ಲದ ಉಂಗುರ ಹುಟ್ಟುವುದಿಲ್ಲ.

ಉಂಗುರದ ಮೂಲ ನೈಟ್ರಿಕ್ ಆಮ್ಲದ ಬಾಟಲಿ. ನೈಟ್ರೇಟನ್ನು ಹುಡುಕುವ ದ್ರಾವಣಕ್ಕೆ ನೈಟ್ರಿಕ್ ಆಮ್ಲ ಸುರಿದರೆ ಉಂಗುರ ಬಾರದೆ ಇನ್ನೇನು ಬರುತ್ತದೆ? ಪುಡಿಯ ಮೇಲೆ ನೇರವಾಗಿ ಮಾಡಿದ ತಾಮ್ರದ ಪರೀಕ್ಷೆಯಲ್ಲಿ ಕಂದು ಹೊಗೆ ಬಾರದಿದ್ದಾಗಲೇ ಪುಡಿ ನಿಮಗೆ ಸರಿ ಉತ್ತರ ಹೇಳಿತ್ತು. ಎರಡು ಪರೀಕ್ಷೆಗಳು ಪರಸ್ಪರ ವಿರುದ್ಧ ಹೇಳಿದಾಗ ಯಾವುದರಲ್ಲಿ ಹೊರಗಿನ ರಾಸಾಯನಿಕ ಕಡಿಮೆ ಸೇರಿದೆ ಎಂದು ಮೊದಲು ನೋಡುವುದು ನನ್ನ ರೂಢಿ.

ಆದ್ದರಿಂದ ಸೋಸಿದ ದ್ರಾವಣವನ್ನು ಆಮ್ಲ ಹಾಕುವುದಕ್ಕೆ ಮೊದಲೇ ಪಾಲು ಮಾಡಬೇಕು. ಕ್ಲೋರೈಡಿನ ಪಾಲಿಗೆ ಸಾರರಿಕ್ತ ನೈಟ್ರಿಕ್ ಆಮ್ಲ, ಸಲ್ಫೇಟಿನ ಪಾಲಿಗೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ, ನೈಟ್ರೇಟಿನ ಪಾಲಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ. ಹುಡುಕುವ ಅಯಾನನ್ನು ಆಮ್ಲವೇ ತರಬಾರದು, ಲೆಕ್ಕ ಇಷ್ಟೇ. ಪ್ರತಿ ಪಾಲಿಗೂ ಗುಳ್ಳೆ ಪೂರ್ತಿ ನಿಂತು ಲಿಟ್ಮಸ್ ಕೆಂಪಾಗುವವರೆಗೆ ಹನಿಹನಿಯಾಗಿ ಹಾಕಿ, ಸ್ವಲ್ಪ ಬೆಚ್ಚಗೆ ಮಾಡಿ. ಕಾರ್ಬೊನೇಟ್ ಉಳಿದರೆ ಸಿಲ್ವರ್ ಕಾರ್ಬೊನೇಟ್ ಮತ್ತು ಬೇರಿಯಂ ಕಾರ್ಬೊನೇಟ್ ಒತ್ತರಗಳು ನಿಮ್ಮನ್ನು ದಾರಿ ತಪ್ಪಿಸುತ್ತವೆ. ಕಂದು ಉಂಗುರದ ನಳಿಕೆಯಲ್ಲಂತೂ ಪ್ರಬಲ ಆಮ್ಲ ಇಳಿಯುತ್ತಿದ್ದಂತೆ ಗುಳ್ಳೆ ಎದ್ದು ಎರಡೂ ಪದರ ಕಲಸಿಹೋಗುತ್ತವೆ.

ಈಗ ಸಲ್ಫೇಟಿನ ಮಸುಕು. ನೀವು ಪ್ರಬಲ ನೈಟ್ರಿಕ್ ಆಮ್ಲ ಹನಿಸಿದ್ದೀರಿ. ಆ ಆಮ್ಲ ಹೆಚ್ಚಾಗಿದ್ದಾಗ ಬೇರಿಯಂ ನೈಟ್ರೇಟೇ ಬಿಳಿಯಾಗಿ ಬೀಳಬಲ್ಲದು. ಆ ನಳಿಕೆ ಇನ್ನೂ ಇದ್ದರೆ ನಾಲ್ಕು ಪಟ್ಟು ನೀರು ಹಾಕಿ ಬೆಚ್ಚಗೆ ಮಾಡಿ. ಬೇರಿಯಂ ನೈಟ್ರೇಟ್ ಕರಗಿಹೋಗುತ್ತದೆ, ಬೇರಿಯಂ ಸಲ್ಫೇಟ್ ಹಾಗೆಯೇ ಉಳಿಯುತ್ತದೆ.

ಹಾವೇರಿಯ ಕೃಷಿಕ

ಬೋರ್ ನೀರಿನ ಮಾತು ಬಂದಿದ್ದರಿಂದ ಕೇಳುತ್ತೇನೆ ಸರ್. ನಮ್ಮ ಮೆಣಸಿನಕಾಯಿ ಹೊಲದ ಬೋರ್ ನೀರು ಸ್ವಲ್ಪ ಉಪ್ಪಾಗಿದೆ. ಈ ಸಿಲ್ವರ್ ನೈಟ್ರೇಟಿನ ಹನಿ ಹಾಕಿದರೆ ನೀರು ಬೆಳೆಗೆ ಆಗುತ್ತದೋ ಇಲ್ಲವೋ ತಿಳಿಯುತ್ತದೆಯೆ?

ಧಾರವಾಡದ ನಿವೃತ್ತ ಉಪನ್ಯಾಸಕ

ತಿಳಿಯುವುದಿಲ್ಲ ಯಜಮಾನರೆ. ಈ ಹನಿ ಕ್ಲೋರೈಡ್ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟಿದೆ ಎಂದು ಹೇಳುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 250 ಮಿ.ಗ್ರಾಂ. ಕ್ಲೋರೈಡ್; ಅದಕ್ಕಿಂತ ಬಹಳ ಕಡಿಮೆ ಇರುವ ಒಳ್ಳೆಯ ನೀರೂ ಈ ಪರೀಕ್ಷೆಯಲ್ಲಿ ಬೆಳ್ಳಗೆ ಮಸುಕಾಗುತ್ತದೆ. ನೀರಿನ ಮಾದರಿಯನ್ನು ಮಣ್ಣು ಮತ್ತು ನೀರು ಪರೀಕ್ಷಾ ಕೇಂದ್ರಕ್ಕೆ ಕೊಡಿ.

ನಿಮ್ಮ ಪ್ರಶ್ನೆಯಿಂದ ವಿದ್ಯಾರ್ಥಿನಿಗೂ ಒಂದು ಕೆಲಸ ಹುಟ್ಟಿತು. ಪುಡಿಯನ್ನು ಬಿಟ್ಟು ಉಳಿದೆಲ್ಲವನ್ನೂ, ಎಂದರೆ ಅದೇ ನೀರು, ಅದೇ ಸೋಡಿಯಂ ಕಾರ್ಬೊನೇಟ್, ಅದೇ ಶೋಧಕ ಕಾಗದ, ಅಷ್ಟೇ ಹೊತ್ತಿನ ಕುದಿತವನ್ನು ಇನ್ನೊಂದು ಬೀಕರಿನಲ್ಲಿ ನಡೆಸಿ. ಬರಿ ನೀರಿಗೆ ಹನಿ ಹಾಕಿ ನೋಡಿದರೆ ಸಾಲದು.

ಗದಗದ ವಿದ್ಯಾರ್ಥಿನಿ

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ ಸರ್. ಹೊಸ ದ್ರಾವಣವನ್ನು ನೀವು ಹೇಳಿದಂತೆ ಪಾಲು ಮಾಡಿ ಸಲ್ಫ್ಯೂರಿಕ್ ಆಮ್ಲದಿಂದ ಆಮ್ಲೀಯಗೊಳಿಸಿದಾಗ ಕಂದು ಉಂಗುರ ಬರಲೇ ಇಲ್ಲ. ಪರೀಕ್ಷೆ ಕೆಲಸ ಮಾಡುತ್ತಿದೆಯೆ ಎಂದು ನೋಡಲು ಪಕ್ಕದ ನಳಿಕೆಗೆ ಪೊಟ್ಯಾಸಿಯಂ ನೈಟ್ರೇಟ್ ಹಾಕಿದೆ, ಅಲ್ಲಿ ಉಂಗುರ ಸ್ಪಷ್ಟವಾಗಿ ಬಂತು.

ನಲ್ಲಿ ನೀರಿನಲ್ಲಿ ಪುಡಿಯಿಲ್ಲದೆ ಮಾಡಿದ ಬ್ಲ್ಯಾಂಕ್‌ಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ತಿಳಿಮಜ್ಜಿಗೆಯಷ್ಟು ಮಸುಕು ಬಂತು. ಪುಡಿಯ ದ್ರಾವಣದಲ್ಲಿ, ಡಿಸ್ಟಿಲ್ಡ್ ವಾಟರ್ ಬಳಸಿದಾಗಲೂ, ಗಟ್ಟಿ ಮೊಸರಿನಂತೆ ಬಿದ್ದು ಅಮೋನಿಯಾದಲ್ಲಿ ಪೂರ್ತಿ ಕರಗಿತು. ಕುದಿಸುವಾಗ ಅಮೋನಿಯಾ ವಾಸನೆ ಮೂಗಿಗೆ ಬಡಿದಿತ್ತು, ಹಿಂದೆ ಅದನ್ನು ಬರೆಯಲು ಮರೆತಿದ್ದೆ. ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಅಮೋನಿಯಂ ಕ್ಲೋರೈಡ್‌ಗಳ ಮಿಶ್ರಣ ಎಂದು ನಮ್ಮ ಮೇಡಂ ಇಂದು ತಿಳಿಸಿದರು.

ಸಲ್ಫೇಟಿನದೇ ಚಿಂತೆ. ಹಳೆಯ ನಳಿಕೆಗೆ ನೀರು ಹಾಕಿ ಬೆಚ್ಚಗೆ ಮಾಡಿದಾಗ ಮಸುಕು ಬಹುಪಾಲು ಹೋಯಿತು, ಪೂರ್ತಿ ಹೋಗಲಿಲ್ಲ. ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿದ ಹೊಸ ದ್ರಾವಣದಲ್ಲಿಯೂ ಅದರ ಬ್ಲ್ಯಾಂಕ್‌ನಲ್ಲಿಯೂ ಒಂದೇ ಬಗೆಯ ತೆಳು ಮಸುಕು ಉಳಿದಿದೆ.

ಹುಬ್ಬಳ್ಳಿಯ ಸಹಪಾಠಿ

ಹಾಗಾದರೆ ‘ಸಲ್ಫೇಟ್ ಅತ್ಯಲ್ಪ ಪ್ರಮಾಣದಲ್ಲಿದೆ’ ಎಂದು ಬರೆಯಬಹುದಿತ್ತಲ್ಲವೆ? ಮಸುಕು ಬಂದದ್ದಂತೂ ನಿಜ.

ಧಾರವಾಡದ ನಿವೃತ್ತ ಉಪನ್ಯಾಸಕ

ಪುಡಿಯೇ ಇಲ್ಲದ ಬೀಕರಿನಲ್ಲಿಯೂ ಅಷ್ಟೇ ಮಸುಕು ಬಂದಿರುವಾಗ ಅದನ್ನು ಪುಡಿಯ ಲೆಕ್ಕಕ್ಕೆ ಬರೆಯಲು ನಾನು ಒಪ್ಪುವುದಿಲ್ಲ. ಹಳೆಯ ನಳಿಕೆಯಲ್ಲಿ ಕರಗಿದ ಭಾಗ ಬೇರಿಯಂ ನೈಟ್ರೇಟ್ ಆಗಿದ್ದಿರಬೇಕು. ಉಳಿದ ಭಾಗಕ್ಕೆ ಬೋರ್ ನೀರಿನ ಸಲ್ಫೇಟ್ ಒಂದು ಕಾರಣವಾಗಿರಬಹುದು, ಆದರೆ ಡಿಸ್ಟಿಲ್ಡ್ ವಾಟರ್‌ನ ಬ್ಲ್ಯಾಂಕ್‌ಗೆ ಆ ವಿವರಣೆ ಸಾಲದು. ನನ್ನ ಅನುಮಾನ ಸೋಡಿಯಂ ಕಾರ್ಬೊನೇಟಿನ ಬಾಟಲಿಯ ಮೇಲಿದೆ. ಅಗ್ಗದ ದರ್ಜೆಯದರಲ್ಲಿ ಸಲ್ಫೇಟ್, ಕ್ಲೋರೈಡ್ ಕಲಬೆರಕೆ ಇರುವುದುಂಟು. ಬಾಟಲಿಯ ಚೀಟಿಯಲ್ಲಿ ಯಾವ ದರ್ಜೆ ಎಂದಿದೆ?

ಗದಗದ ವಿದ್ಯಾರ್ಥಿನಿ

ಚೀಟಿ ಆಮ್ಲ ಬಿದ್ದು ಅರ್ಧ ಹೋಗಿದೆ ಸರ್, ದರ್ಜೆ ಓದಲಾಗುವುದಿಲ್ಲ. ಬೇರೆ ಬಾಟಲಿ ಸೋಮವಾರ ಬರುತ್ತದಂತೆ. ಅಲ್ಲಿಯವರೆಗೆ ಅದೇ ಬಾಟಲಿಯ ಪುಡಿಯನ್ನು ಕುದಿಸದೆ, ಸೋಸದೆ, ಡಿಸ್ಟಿಲ್ಡ್ ವಾಟರ್‌ನಲ್ಲಿ ಕರಗಿಸಿ ಹೈಡ್ರೋಕ್ಲೋರಿಕ್ ಆಮ್ಲ, ಬೇರಿಯಂ ಕ್ಲೋರೈಡ್ ಹಾಕಿ ನೋಡುತ್ತೇನೆ. ಮಸುಕು ಬರದಿದ್ದರೆ ಶೋಧಕ ಕಾಗದವನ್ನೂ ಸಂದೇಹಿಸಬೇಕಾಗುತ್ತದೆ.