‘ಮಟ್ಟ’ ಎಂಬ ಪದಕ್ಕೆ ಎರಡು ಅರ್ಥ: ದೋಷವರದಿಯಲ್ಲಿ ಯಾವುದನ್ನು ಇಡುವುದು?

ಮಾನ್ಯರೇ,

ಕಾಸರಗೋಡಿನ ಒಂದು ಜಾಲತಾಣದ ಆಕ್ಸೆಸಿಬಿಲಿಟಿ ದೋಷಗಳನ್ನು ಕನ್ನಡದಲ್ಲಿ ದಾಖಲಿಸುತ್ತಿದ್ದೇನೆ. ಅದರ ಅರ್ಜಿಯ ಪುಟದಲ್ಲಿ ಸೂಚನೆಗಳೆಲ್ಲ ಮಲಯಾಳದಲ್ಲಿದ್ದು, ಶುಲ್ಕ ಮತ್ತು ಕೊನೆಯ ದಿನಾಂಕದ ಒಂದು ಕಂಡಿಕೆ ಮಾತ್ರ ಕನ್ನಡದಲ್ಲೂ ಇದೆ. ಇಡೀ ಪುಟಕ್ಕೆ `lang="ml"` ಎಂದಿರುವುದರಿಂದ ನನ್ನ ಕಂಪ್ಯೂಟರಿನ ಸ್ಕ್ರೀನ್ ರೀಡರ್ ಮಲಯಾಳದ ಧ್ವನಿಯಲ್ಲಿಯೇ ಮುಂದುವರಿದು, ಕನ್ನಡ ಕಂಡಿಕೆಯನ್ನು ಸದ್ದಿಲ್ಲದೆ ದಾಟಿಹೋಯಿತು. ಕೇಳುವವರಿಗೆ ಅಲ್ಲೊಂದು ಕಂಡಿಕೆ ಇತ್ತೆಂಬುದೇ ತಿಳಿಯದು. ಜಾಲತಾಣಗಳ ಆಕ್ಸೆಸಿಬಿಲಿಟಿ ಮಾರ್ಗಸೂಚಿಯಾದ WCAG ಪ್ರತಿ ನಿಯಮಕ್ಕೂ ಎ, ಎಎ, ಎಎಎ ಎಂಬ ಮಟ್ಟಗಳಲ್ಲಿ ಒಂದನ್ನು ಕೊಟ್ಟಿದೆ; ಪುಟದ ಭಾಗಗಳ ಭಾಷೆಯನ್ನು ಗುರುತಿಸಬೇಕೆಂಬುದು ಅದರ 3.1.2ನೆಯ ನಿಯಮ. ಅದರಂತೆ ನಾನು ‘ನಿಯಮ 3.1.2, ಮಟ್ಟ: ಎಎ, ತೀವ್ರತೆಯ ಮಟ್ಟ: ಅಧಿಕ’ ಎಂದು ಬರೆದೆ. ದುರಸ್ತಿ ಮಾಡುವವರು ಮೊದಲಿನ ‘ಮಟ್ಟ’ವನ್ನಷ್ಟೇ ಓದಿ, ಎರಡನೆಯ ದರ್ಜೆಯ ದೋಷವೆಂದು ಬದಿಗಿಟ್ಟರು. ಎರಡಕ್ಕೂ ಬೇರೆ ಬೇರೆ ಪದಗಳಿವೆಯೇ?

ಕುಂಬಳೆಯಿಂದ:

ಎ ಎಂದರೆ ದೊಡ್ಡ ದೋಷ, ಎಎ ಎಂದರೆ ನಡುವಿನದು. ಆದ್ದರಿಂದ ‘ಮಟ್ಟ’ ಒಂದೇ ಸಾಕು, ತೀವ್ರತೆಯನ್ನು ಪ್ರತ್ಯೇಕವಾಗಿ ಬರೆಯುವುದು ಪುನರುಕ್ತಿ.

ನೀರ್ಚಾಲಿನಿಂದ:

ನಾನು ನಿವೃತ್ತ ಅಧ್ಯಾಪಕ. ನನ್ನ ಮೊಬೈಲಿನಲ್ಲಿಯೂ ಕನ್ನಡ ಅಕ್ಷರಗಳು ಬಹಳ ಸಣ್ಣದಾಗಿ ಕಾಣುತ್ತವೆ. ಇದಕ್ಕೂ ‘ತೀವ್ರ’ ಎನ್ನಬಹುದೇ? ನಮ್ಮಲ್ಲಿ ತೀವ್ರ ಎಂದರೆ ಜ್ವರದ ನೆನಪಾಗುತ್ತದೆ.

ಹೊಸೂರಿನಿಂದ:

ನಾನು ಪರೀಕ್ಷೆಯ ಕೆಲಸದಲ್ಲಿರುವವನು. ಕುಂಬಳೆಯವರ ಮಾತು ಅರ್ಧ ಸರಿ: ಎ ದರ್ಜೆಯ ನಿಯಮವೊಂದು ತಪ್ಪಿದರೂ ಪುಟವು ಯಾವ ದರ್ಜೆಯನ್ನೂ ಮುಟ್ಟುವುದಿಲ್ಲ. ಆದರೆ ಎ, ಎಎ ಎಂಬ ಗುರುತು ನಿಯಮಕ್ಕೆ ಮೊದಲೇ ಅಂಟಿಕೊಂಡದ್ದು, ಈ ಪುಟದಲ್ಲಿ ಈ ಬಳಕೆದಾರರಿಗೆ ಏನಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಬರೀ ಅಲಂಕಾರದ ಚಿತ್ರಕ್ಕೆ `alt` ಇಲ್ಲದಿದ್ದರೆ ಎ ದರ್ಜೆಯ 1.1.1 ತಪ್ಪುತ್ತದೆ, ಆದರೂ ಕೇಳುಗರು ಒಂದು ಕಡತದ ಹೆಸರನ್ನು ಕೇಳಿ ಮುಂದೆ ಹೋಗುತ್ತಾರೆ. ನಿಮ್ಮ ಎಎ ದೋಷದಲ್ಲಾದರೋ ಕನ್ನಡ ಮಾತ್ರ ಬಲ್ಲವರಿಗೆ ಕೊನೆಯ ದಿನಾಂಕವೇ ತಪ್ಪಿಹೋಗುತ್ತದೆ. ಆದ್ದರಿಂದ ನಿಯಮಕ್ಕೆ ‘ದರ್ಜೆ’ಯನ್ನೂ, ಬಳಕೆದಾರರಿಗಾದ ಪರಿಣಾಮಕ್ಕೆ ‘ತಡೆ’, ‘ತೊಡಕು’, ‘ಕಿರಿಕಿರಿ’ ಎಂಬ ಮೂರು ಮೆಟ್ಟಿಲುಗಳನ್ನೂ ಇಟ್ಟುಕೊಳ್ಳುತ್ತೇನೆ. ದಾರಿ ಮುಚ್ಚಿದರೆ ತಡೆ, ಸುತ್ತುಬಳಸಿ ತಲಪಬಹುದಾದರೆ ತೊಡಕು, ಕೆಲಸ ಕೆಡದೆ ಬೇಸರ ಮಾತ್ರವಾದರೆ ಕಿರಿಕಿರಿ. ಅಧ್ಯಾಪಕರೇ, ತಮ್ಮ ಅಕ್ಷರಗಳು ದೊಡ್ಡದಾಗುತ್ತವೆಯೇ ಎಂದು ಮೊದಲು ನೋಡಿ. ಅದು ಬೇರೆಯೇ ನಿಯಮ.

‘ತೊಂದರೆ ಯಾರಿಗೆ’ ಎಂಬಲ್ಲಿಯೂ ‘ಅಂಧರಿಗೆ’ ಎಂದು ನಿಲ್ಲಿಸಬೇಡಿ. ಮಲಯಾಳ ಬಲ್ಲ ಅಂಧರಿಗೆ ಈ ಪುಟ ನಡೆಯುತ್ತದೆ. ‘ಸ್ಕ್ರೀನ್ ರೀಡರಿನಲ್ಲಿ ಕನ್ನಡ ಕೇಳುವವರಿಗೆ’ ಎಂದೇ ಬರೆಯಿರಿ. ದುರಸ್ತಿ ಇಷ್ಟೇ:

```
<p lang="kn">…</p>
```

ಆದರೆ ಕೇಳುಗರ ಸಾಧನದಲ್ಲಿ ಕನ್ನಡ ಧ್ವನಿ ಇಲ್ಲದಿದ್ದರೆ ಇದೊಂದರಿಂದ ಓದು ಸರಿಹೋಗದು. ಪರೀಕ್ಷಿಸುವಾಗ ಯಾವ ಧ್ವನಿ ಇತ್ತೆಂಬುದನ್ನೂ ವರದಿಯಲ್ಲಿ ನಮೂದಿಸಿ.

ಮತ್ತೆ ಕಾಸರಗೋಡಿನಿಂದ:

‘ದರ್ಜೆ’ ಮತ್ತು ‘ತಡೆ’ ಎಂದು ವರದಿಯನ್ನು ತಿದ್ದಿದ್ದೇನೆ. ಒಂದು ಸಂದೇಹ ಉಳಿಯಿತು. ಅದೇ ದಿನಾಂಕ ಮಲಯಾಳದಲ್ಲಿಯೂ ಇದೆ, ಇಲ್ಲಿನ ಅನೇಕರು ಎರಡೂ ಭಾಷೆ ಬಲ್ಲವರು. ಹಾಗಾದರೆ ಇದು ‘ತೊಡಕು’ ಮಾತ್ರವೆಂದು ಕಚೇರಿಯವರು ವಾದಿಸುತ್ತಿದ್ದಾರೆ. ಮಲಯಾಳ ತಿಳಿಯದ ಒಬ್ಬರಿದ್ದರೂ ‘ತಡೆ’ ಎನ್ನುವುದು ನನ್ನ ಪಕ್ಷ. ಬಲ್ಲವರು ಹೇಳಬೇಕು.