ಒಂದೇ ಬುತ್ತಿಯ ಗೆಳತಿ ಈಗ ಮ್ಯಾನೇಜರ್: ಓದುಗರ ಸ್ಪಂದನ

ಕಾಸರಗೋಡು ಸಮೀಪದ ಸಹಕಾರಿ ಬ್ಯಾಂಕೊಂದರ ಕ್ಯಾಷಿಯರ್ ಕಳೆದ ಸಂಚಿಕೆಯಲ್ಲಿ ತಮ್ಮ ನೋವು ಹೇಳಿಕೊಂಡಿದ್ದರು. 11 ವರ್ಷ ಒಂದೇ ಬಸ್ಸು, ಒಂದೇ ಬುತ್ತಿ. ಈಗ ಆ ಗೆಳತಿಯೇ ಅದೇ ಶಾಖೆಯ ಮ್ಯಾನೇಜರ್. ರಜೆಗೆ ಅರ್ಜಿ ಕೇಳುತ್ತಾರೆ. ಸಂಜೆ ಕ್ಯಾಷನ್ನು ತಾವೇ ಇನ್ನೊಮ್ಮೆ ಎಣಿಸುತ್ತಾರೆ. ಸೇಫಿನ ಕೀ ಕೊಡಲು ಹೋದರೆ ರಿಜಿಸ್ಟರ್ ಮುಂದಿಡುತ್ತಾರೆ. ‘ಅವಳಿಗೆ ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಾಗಿದೆ, ಆದರೂ ಕತ್ತರಿ ಹಾಕಿಲ್ಲ.

ನಿವೃತ್ತ ಕ್ಯಾಷಿಯರ್, ಮುಳ್ಳೇರಿಯ

ತಂಗೀ, ನಿನ್ನ ಪತ್ರ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಗೆಳೆಯನೂ ಹೀಗೆಯೇ ನನ್ನ ಮೇಲೆ ಮ್ಯಾನೇಜರ್ ಆಗಿ ಬಂದ. ಆದರೆ ಅವನು ಏನನ್ನೂ ಬದಲಿಸಲಿಲ್ಲ. ಅದೇ ನಮಗೆ ಮುಳುವಾಯಿತು.

ಸೇಫಿಗೆ ಎರಡು ಕೀ ಇರುವುದು ನಿನಗೆ ಗೊತ್ತು. ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ. ಎರಡೂ ಸೇರಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕ್ಯಾಷಿಯರ್ ರಜೆ ಹಾಕಿದರೆ ಅವನ ಕೀ ಇನ್ನೊಬ್ಬ ಗುಮಾಸ್ತನಿಗೆ ಹೋಗಬೇಕು. ಕ್ಯಾಷ್ ಎಣಿಸಿ, ರಿಜಿಸ್ಟರಿನಲ್ಲಿ ಬರೆದು, ಕೊಟ್ಟವನೂ ಪಡೆದವನೂ ಸಹಿ ಹಾಕಬೇಕು. ಯಾವ ಕಾರಣಕ್ಕೂ ಎರಡು ಕೀ ಒಬ್ಬನ ಕೈಗೆ ಬರಬಾರದು.

ಒಮ್ಮೆ ನನಗೆ ಜ್ವರ ಬಂದಿತ್ತು. ಗೆಳೆಯ ಫೋನ್ ಮಾಡಿ, ‘ಮಗನ ಕೈಲಿ ಕೀ ಕಳಿಸು ಮಾರಾಯಾ, ಉಳಿದದ್ದು ನಾನು ನೋಡಿಕೊಳ್ತೇನೆ’ ಎಂದ. ನಾನು ಕಳಿಸಿದೆ. ಯಾರೂ ಎಲ್ಲಿಯೂ ಸಹಿ ಹಾಕಲಿಲ್ಲ. ಎರಡು ದಿನ ಬಿಟ್ಟು ನಾನು ಹೋದಾಗ ಅಡವಿನ ಚಿನ್ನದ ಕವರುಗಳಲ್ಲಿ ಒಂದು ಕಡಿಮೆ ಇತ್ತು. ಸಾಲ ತೀರಿಸಿದ ಹೆಂಗಸು ಕೌಂಟರಿನ ಮುಂದೆ ನಿಂತಿದ್ದರು, ಅವರ ಬಳೆಗಳೇ ಇಲ್ಲ.

ಮೂರನೇ ದಿನ ಕವರ್ ಸಿಕ್ಕಿತು. ಬೇರೆ ತಿಂಗಳ ಟ್ರೇಯೊಳಗೆ ಸೇರಿಕೊಂಡಿತ್ತು. ಆದರೆ ಆ ಮೂರು ದಿನ ಅವನು ನನ್ನನ್ನೂ ನಾನು ಅವನನ್ನೂ ನೋಡಿದ ನೋಟ ಇದೆಯಲ್ಲ, ಅದನ್ನು ಇಬ್ಬರೂ ಮರೆಯಲಿಲ್ಲ. ಕವರ್ ನನ್ನ ಕಾಲದಲ್ಲಿ ತಪ್ಪಿದ್ದೋ ಅವನ ಕಾಲದಲ್ಲೋ ಎಂದು ಹೇಳುವ ಒಂದು ಸಾಲೂ ಪುಸ್ತಕದಲ್ಲಿರಲಿಲ್ಲ. ಅವನ ಮಗಳ ಮದುವೆಗೆ ಹೋದೆ, ಊಟ ಮಾಡಿ ಸುಮ್ನೆ ಬಂದೆ.

ನಿನ್ನ ಗೆಳತಿ ರಿಜಿಸ್ಟರ್ ಮುಂದಿಟ್ಟರೆ ಸಂತೋಷದಿಂದ ಸಹಿ ಹಾಕು. ನಾಳೆ ಏನಾದರೂ ಕಡಿಮೆ ಬಂದರೆ ನೀವಿಬ್ಬರೂ ಮೊದಲು ನೋಡುವುದು ಆ ಪುಟವನ್ನು, ಒಬ್ಬರ ಮುಖವನ್ನೊಬ್ಬರು ಅಲ್ಲ.

*ಈ ಪತ್ರವನ್ನು ನಾವು ಎರಡು ಸಲ ಓದಿದೆವು. ಮುಂದಿನದು ತುಂಬ ಚಿಕ್ಕದು.*

ಓದುಗ, ಉಪ್ಪಳ

ಅವರು ಬಡ್ತಿ ಪರೀಕ್ಷೆಗೆ ಓದುತ್ತಿದ್ದಾಗ ನೀವೂ ಓದಬಹುದಿತ್ತು. ಅರ್ಜಿ ಬರೆಯಲು ಎರಡು ನಿಮಿಷ ಸಾಕು. ಬರೆದುಕೊಡಿ.

*ಮಾತು ಸ್ವಲ್ಪ ಖಾರ. ಪರೀಕ್ಷೆ ಬರೆಯದಿರಲು ಮನೆಯ ಕಾರಣಗಳೂ ಇರುತ್ತವೆ.*

ಓದುಗಿ, ಬದಿಯಡ್ಕ

ನನ್ನ ಕಷ್ಟ ಬೇರೆ. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಆಫೀಸಿಗೆ ಬರುವ ಮಲಯಾಳಂ ಸರ್ಕ್ಯುಲರುಗಳನ್ನು ಪಕ್ಕದ ಸೀಟಿನ ಗೆಳತಿ ಓದಿ ಹೇಳುತ್ತಿದ್ದಳು. ಅವಳು ಮೇಲಧಿಕಾರಿ ಆದ ಮೇಲೆ ಕೇಳಲು ನಾಚಿಕೆಯಾಯಿತು. ಗೊತ್ತಿಲ್ಲದೆ ಹಳೆಯ ಫಾರಂನಲ್ಲೇ ಅರ್ಜಿಗಳನ್ನು ತೆಗೆದುಕೊಂಡೆ, ಎಲ್ಲವೂ ವಾಪಸ್ ಬಂದವು. ಕೇಳಿದ್ದರೆ ಹೇಳುತ್ತಿದ್ದಳು. ಈಗ ಮಗಳ ಪಠ್ಯಪುಸ್ತಕ ಇಟ್ಟುಕೊಂಡು ನಾನೇ ಮಲಯಾಳಂ ಕಲಿಯುತ್ತಿದ್ದೇನೆ.

*ಮೇಲೇರಿದವರ ಕಡೆಯಿಂದ ಬಂದದ್ದು ಒಂದೇ ಪತ್ರ.*

ಮುಖ್ಯ ಶಿಕ್ಷಕಿ, ಪೆರ್ಲ

ಮುಖ್ಯ ಶಿಕ್ಷಕಿಯಾದ ಹೊಸದರಲ್ಲಿ ನಾನು ಒಂದು ತಪ್ಪು ಮಾಡಿದೆ. ಯಾರಾದರೂ ರಜೆ ಹಾಕಿದರೆ ಆ ಕ್ಲಾಸಿಗೆ ನನ್ನ ಗೆಳತಿಯನ್ನೇ ಕಳಿಸುತ್ತಿದ್ದೆ. ‘ಗೆಳತಿಗೆ ಆರಾಮ ಕೊಡ್ತಾಳೆ’ ಎಂದು ಉಳಿದವರು ಆಡಿಕೊಂಡಾರೆಂಬ ಹೆದರಿಕೆ ನನಗೆ. ಒಂದು ದಿನ ಅವಳು ತಿಂಗಳ ಲೆಕ್ಕ ಬರೆದು ತಂದು ಮೇಜಿನ ಮೇಲಿಟ್ಟಳು. ಉಳಿದವರಿಗೆಲ್ಲ ಎರಡೋ ಮೂರೋ ಪೀರಿಯಡ್, ಅವಳಿಗೆ ಒಂಬತ್ತು. ‘ನಿನ್ನ ಒಳ್ಳೆ ಹೆಸರಿಗೆ ನನ್ನ ಗಂಟಲು ಹೋಯ್ತು’ ಎಂದಳು. ಮಾರನೆಯ ದಿನದಿಂದ ಆ ಪಟ್ಟಿಯನ್ನು ಸ್ಟಾಫ್ ರೂಮಿನ ಗೋಡೆಗೆ ಹಾಕಿದೆ. ಸರದಿ ಎಲ್ಲರ ಕಣ್ಣ ಮುಂದಿತ್ತು.

ಹಾಗಾಗಿ ತಂಗೀ, ಅವಳು ಎಲ್ಲರ ಹತ್ತಿರವೂ ಅರ್ಜಿ ಕೇಳುತ್ತಾಳಾ, ನಿನ್ನ ಹತ್ತಿರ ಮಾತ್ರವಾ? ನೋಡು. ನಿನ್ನ ಹತ್ತಿರ ಮಾತ್ರ ಆದರೆ ಸುಮ್ಮನಿರಬೇಡ. ಎಲ್ಲರ ಮುಂದೆ ಬೇಡ, ಬಸ್ಸಿನಲ್ಲಿ ಹೇಳು.

*ಕ್ಯಾಷಿಯರ್ ಮೊನ್ನೆ ಫೋನ್ ಮಾಡಿದ್ದರು. ಶಾಖೆಯಲ್ಲಿ ಎಲ್ಲರೂ ಅರ್ಜಿ ಬರೆದುಕೊಡುತ್ತಾರಂತೆ. ಬುತ್ತಿ ಇನ್ನೂ ಬೇರೆ ಬೇರೆ. ಆದರೆ ಸಂಜೆ ಐದೂವರೆಯ ಬಸ್ಸಿನಲ್ಲಿ ಗೆಳತಿ ಈಗಲೂ ಅವರಿಗೆ ಸೀಟು ಹಿಡಿಯುತ್ತಾರಂತೆ.*