ಅಪ್‌ಡೇಟ್: ಐದು ಲಕ್ಷದ ನೋಟಿಸ್ ಏನಾಯಿತು

ನನ್ನ ಪ್ರಶ್ನೆ: 90 ದಿನಗಳ ನೋಟಿಸ್ ಅವಧಿಯಲ್ಲಿ 30 ದಿನ ಮಾತ್ರ ದುಡಿದು ಪ್ರತಿಸ್ಪರ್ಧಿ ಕಂಪನಿಗೆ ಸೇರಿದೆ. ಹಳೆಯವರು ಐದು ಲಕ್ಷ ಕೇಳುತ್ತಿದ್ದಾರೆ. ಕೊಡಲೇಬೇಕೇ?

ಅಪ್‌ಡೇಟ್: ಐದು ಲಕ್ಷ ಕೊಡಲಿಲ್ಲ, ಪೂರ್ತಿ ಪಾರಾಗಲೂ ಇಲ್ಲ. ಕೆಲಸ ಬಿಟ್ಟ ಮೇಲೂ ಪ್ರತಿಸ್ಪರ್ಧಿಯಲ್ಲಿಗೆ ಹೋಗಬಾರದೆಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನಡಿ ಅನೂರ್ಜಿತ ಎಂದು ವಕೀಲರು ಉತ್ತರ ಬರೆದರು. ನೋಟಿಸ್ ಅವಧಿಯ ಮಾತು ಬೇರೆ, ಅಲ್ಲಿ ತಪ್ಪು ನನ್ನದೇ. ಆದರೆ 74ನೇ ಕಲಮಿನ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಮಾತ್ರ. ಅದರೊಳಗೆ ಸಮಂಜಸವಾದಷ್ಟೇ ಸಿಗುತ್ತದೆ. ನಷ್ಟದ ಲೆಕ್ಕ ಕೇಳಿದಾಗ ಎಚ್‌ಆರ್‌ನವರು ತಣ್ಣಗಾದರು. ಕೊನೆಗೆ ಬಾಕಿ 60 ದಿನಗಳ ಮೂಲವೇತನ 84,000 ರೂಪಾಯಿಯಲ್ಲಿ ರಜೆಯ ಹಣ 21,000 ಕಳೆದು 63,000 ಕಟ್ಟಿದೆ.

ಸರ್ಕಾರಿ ಬ್ಯಾಂಕಿನವರು ಇದನ್ನು ನಂಬಿ ಹೊರಡಬೇಡಿ. ಮೂರು ವರ್ಷ ತುಂಬುವ ಮೊದಲೇ ಬಿಟ್ಟವರಿಗೆ ವಿಜಯಾ ಬ್ಯಾಂಕ್ ವಿಧಿಸಿದ್ದ ಎರಡು ಲಕ್ಷದ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ.